ಪ್ರಶ್ನೆಗೂ ಮೊದಲಿನ ಮೂರು ನಿಮಿಷ

ನಮ್ಮ ಸಭೆಗಳಲ್ಲಿ ಪ್ರಶ್ನೋತ್ತರಕ್ಕೆ ಸಿಗುವುದು ಮಿಕ್ಕ ಸಮಯ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಫಲತಾಂಬೂಲ ಎಲ್ಲ ಮುಗಿದು ಮುಖ್ಯ ಮಾತುಗಾರರು ಮೈಕಿನ ಮುಂದೆ ಬರುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಅವರ ಮಾತು ಮುಗಿದ ಮೇಲೆ ಯಾರೋ ಎದ್ದು, ‘ಸಮಯದ ಅಭಾವ ಇರುವುದರಿಂದ ಒಂದೆರಡು ಪ್ರಶ್ನೆ ಮಾತ್ರ’ ಎನ್ನುತ್ತಾರೆ. ಮೊದಲ ಪ್ರಶ್ನೆಯನ್ನು ಮುಂದಿನ ಸಾಲಿನ ಹಿರಿಯರೊಬ್ಬರು ಕೇಳುತ್ತಾರೆ. ಅದು ಎಂಟು ನಿಮಿಷದ ಇನ್ನೊಂದು ಭಾಷಣ. ಎರಡನೆಯ ಪ್ರಶ್ನೆ ಮುಗಿಯುವ ಮೊದಲೇ ವಂದನಾರ್ಪಣೆಗೆ ಕರೆ ಬರುತ್ತದೆ.

ಇದಕ್ಕೆ ಕೇಳುಗರನ್ನು ದೂರುವುದು ಸುಲಭ. ಆದರೆ ಹೀಗಾಗುವ ಬಹುಪಾಲು ಸಭೆಗಳಲ್ಲಿ ಸೋಲು ಆಗಿರುವುದು ಪ್ರಶ್ನೆ ಶುರುವಾದ ಮೇಲಲ್ಲ, ಅದಕ್ಕೂ ಮುಂಚೆ. ಸಂವಾದ ನಡೆಸಿಕೊಡುವವರು ಆರಂಭದಲ್ಲಿ ಆಡುವ ಮಾತಿಗೆ ಎರಡೇ ಕೆಲಸ: ಬಂದವರು ಯಾರು ಎಂದು ಹೇಳುವುದು, ಪ್ರಶ್ನೆಗಳನ್ನು ಹೇಗೆ ತೆಗೆದುಕೊಳ್ಳುತ್ತೇವೆ ಎಂದು ಹೇಳುವುದು. ಎರಡಕ್ಕೂ ಸೇರಿ ಮೂರು ನಿಮಿಷ ಸಾಕು. ಆ ಮೂರು ನಿಮಿಷದಲ್ಲಿ ಏನು ಹೇಳಲಿಲ್ಲವೋ ಅದನ್ನು ಆಮೇಲೆ ಹೇಳಲು ಹೋದರೆ ಯಾರಿಗಾದರೂ ಅವಮಾನವಾಗಿಯೇ ಆಗುತ್ತದೆ.

ಒಂದು ಸಭೆಯನ್ನು ಕಲ್ಪಿಸಿಕೊಂಡು ನೋಡೋಣ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ, ಅಡಿಕೆ ಬೆಳೆಗಾರರ ಸಹಕಾರ ಸಂಘದ ಮೇಲಂತಸ್ತಿನ ಸಭಾಂಗಣ. ವಿಷಯ ಎಲೆಚುಕ್ಕಿ ರೋಗ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರ ಸೀಮೆಯವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಇಷ್ಟು ಸಾಕು: ಇದು ಶಿಲೀಂಧ್ರದಿಂದ ಬರುವ ರೋಗ; ಸೋಗೆಯ ಮೇಲೆ ಕಂದು ಚುಕ್ಕಿಗಳು ಮೂಡಿ, ಹರಡಿ, ಒಂದಕ್ಕೊಂದು ಸೇರಿ ಸೋಗೆಯೇ ಒಣಗುತ್ತದೆ; ಮಳೆ ಮತ್ತು ತೇವ ಹೆಚ್ಚಿದ್ದಲ್ಲಿ ಬೇಗ ಹಬ್ಬುತ್ತದೆ. ಸಭೆಗೆ ಬಂದಿರುವವರು ಸುಮಾರು ನೂರೈವತ್ತು ಜನ. ಮಾತಾಡಲು ಬಂದಿರುವವರು ಸಸ್ಯರೋಗ ವಿಜ್ಞಾನಿ, ಒಬ್ಬ ಹೆಣ್ಣುಮಗಳು. ಅವರು ಆಗಲೇ ಅರ್ಧ ಗಂಟೆ ಚಿತ್ರ ತೋರಿಸಿ ವಿವರಿಸಿದ್ದಾರೆ. ಈಗ ನಾಲ್ಕೂವರೆ. ಐದೂಕಾಲಕ್ಕೆ ಮುಗಿಸಬೇಕು, ಏಕೆಂದರೆ ಆಮೇಲೆ ಹಳ್ಳಿಗಳ ಕಡೆಗೆ ಬಸ್ಸಿಲ್ಲ.

ಇಲ್ಲಿ ಸಂವಾದ ನಡೆಸುವವರು ಮೊದಲು ಮಾಡಬೇಕಾದದ್ದು ಒಂದು ಸಣ್ಣ ಲೆಕ್ಕ. ಇರುವುದು 45 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷ, ಉತ್ತರಕ್ಕೆ ಎರಡು, ಮೈಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲು ಅರ್ಧ ನಿಮಿಷ. ಎಲ್ಲ ಸರಿಯಾಗಿ ನಡೆದರೂ 12 ಪ್ರಶ್ನೆಗಿಂತ ಹೆಚ್ಚು ಆಗುವುದಿಲ್ಲ. ನೂರೈವತ್ತು ಜನರಲ್ಲಿ ಹನ್ನೆರಡು ಮಂದಿಗೆ ಮಾತ್ರ ಅವಕಾಶ. ಪರಿಚಯವೆಂದು 12 ನಿಮಿಷ ತೆಗೆದುಕೊಂಡರೆ ಅದರಲ್ಲಿ ಮೂರು ಪ್ರಶ್ನೆ ಹೋಯಿತು. ಬಯೋಡೇಟಾ ಓದುವ ಅಭ್ಯಾಸ ಇರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ಕೈಯಲ್ಲಿರುವ ಹಾಳೆಯನ್ನು ಮಡಚಿ ಕಿಸೆಗೆ ಇಟ್ಟುಕೊಳ್ಳುತ್ತಾರೆ.

ಬಯೋಡೇಟಾದ ತೊಂದರೆ ಉದ್ದವೊಂದೇ ಅಲ್ಲ. ಹುಟ್ಟಿದ ಊರು, ಓದಿದ ಶಾಲೆ, ಪಡೆದ ಪದವಿ, ಬರೆದ ಲೇಖನಗಳ ಸಂಖ್ಯೆ, ಹೋಗಿಬಂದ ದೇಶಗಳು, ಸಂದ ಪ್ರಶಸ್ತಿಗಳು. ಇದನ್ನೆಲ್ಲ ಕೇಳಿದ ಮೇಲೆ ಕೂತವನಿಗೆ ಈ ವ್ಯಕ್ತಿ ದೊಡ್ಡವರು ಎಂದು ಗೊತ್ತಾಗುತ್ತದೆ. ಇವರನ್ನು ಏನು ಕೇಳಬಹುದು ಎಂಬುದು ಗೊತ್ತಾಗುವುದಿಲ್ಲ. ಜೊತೆಗೆ ಇನ್ನೊಂದು ಕೆಡುಕೂ ಇದೆ. ಹೊಗಳಿಕೆ ಏರಿದಷ್ಟೂ ಸಾಮಾನ್ಯ ರೈತನಿಗೆ ಬಾಯಿ ಬಿಡಲು ಅಳುಕು. ಇಷ್ಟು ದೊಡ್ಡವರ ಎದುರು ‘ನಾನು ಹೊಡೆದ ಔಷಧಿ ಯಾಕೆ ಹಿಡಿಯಲಿಲ್ಲ’ ಎಂದು ಕೇಳುವುದೇ ಎಂದು ಅವನು ಸುಮ್ಮನಾಗುತ್ತಾನೆ. ಸನ್ಮಾನ ಸಮಾರಂಭಕ್ಕೆ ಹೊಂದುವ ಪರಿಚಯ ಪ್ರಶ್ನೋತ್ತರಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಎರಡಕ್ಕೂ ಒಂದೇ ಹಾಳೆ ಬಳಸುತ್ತೇವೆ.

ಒಳ್ಳೆಯ ಪರಿಚಯ ಸಿದ್ಧವಾಗುವುದು ಹಿಂದಿನ ದಿನ ಫೋನಿನಲ್ಲಿ. ಬರುವವರನ್ನು ಕೇಳಿ ತಿಳಿದುಕೊಳ್ಳಬೇಕಾದದ್ದು ಹೆಚ್ಚಿಲ್ಲ. ಜನ ನಿಮ್ಮನ್ನು ಏನು ಕೇಳಿದರೆ ನಿಮಗೆ ಸಂತೋಷ? ಯಾವ ಪ್ರಶ್ನೆಗೆ ನೀವು ಉತ್ತರ ಕೊಡಲಾರಿರಿ, ಅಥವಾ ಕೊಡುವ ಅಧಿಕಾರ ನಿಮಗಿಲ್ಲ? ನಿಮ್ಮ ಹೆಸರನ್ನು ಹೇಗೆ ಹೇಳಬೇಕು? ಕೊನೆಯದು ಸಣ್ಣದೆನಿಸಬಹುದು. ಆದರೆ ವೇದಿಕೆಯಲ್ಲಿ ಹೆಸರು ತಪ್ಪಾಗಿ ಕೇಳಿಸಿಕೊಂಡವರ ಮುಖ ನೋಡಿದವರಿಗೆ ಅದು ಸಣ್ಣದಲ್ಲ. ಎರಡನೆಯದಂತೂ ಎಲ್ಲಕ್ಕಿಂತ ಮುಖ್ಯ. ಎಲೆಚುಕ್ಕಿಯ ಸಭೆಯಲ್ಲಿ ಅರ್ಧಕ್ಕರ್ಧ ಪ್ರಶ್ನೆ ರೋಗದ ಬಗ್ಗೆ ಇರುವುದಿಲ್ಲ. ಸರ್ಕಾರ ಪರಿಹಾರ ಯಾವಾಗ ಕೊಡುತ್ತದೆ, ಔಷಧಿಗೆ ಸಬ್ಸಿಡಿ ಎಷ್ಟು, ವಿದೇಶದ ಅಡಿಕೆ ಬಂದು ಧಾರಣೆ ಬೀಳುತ್ತಿದೆಯಲ್ಲ. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಶಿಲೀಂಧ್ರದ ಮೇಲೆ ಕೆಲಸ ಮಾಡುವ ವಿಜ್ಞಾನಿಗೆ ಉತ್ತರ ಕೊಡಲು ಸಾಧ್ಯವಿಲ್ಲ. ಅವರು ‘ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಎರಡು ಸಲ ಹೇಳಿದರೆ ಸಭೆಗೆ ಅವರು ನುಣುಚಿಕೊಳ್ಳುತ್ತಿದ್ದಾರೆ ಎಂದೇ ಅನಿಸುತ್ತದೆ. ಅದೇ ಮಾತನ್ನು ಮೊದಲೇ, ಸಂವಾದ ನಡೆಸುವವರೇ ಹೇಳಿಬಿಟ್ಟರೆ ಯಾರಿಗೂ ಮುಜುಗರವಿಲ್ಲ.

ಹಾಗಾದರೆ ನಮ್ಮ ಸಭೆಯ ಪರಿಚಯ ಹೀಗಿರಬಹುದು:

‘ಎಲ್ಲರಿಗೂ ನಮಸ್ಕಾರ. ಮೇಡಂ ಅವರ ಮಾತು ಕೇಳಿದಿರಿ. ಅವರು ಹಲವು ವರ್ಷದಿಂದ ಅಡಿಕೆಗೆ ಬರುವ ಶಿಲೀಂಧ್ರ ರೋಗಗಳ ಮೇಲೇ ಕೆಲಸ ಮಾಡುತ್ತಿದ್ದಾರೆ. ಹೋದ ಮಳೆಗಾಲ ನಮ್ಮದೇ ಸೀಮೆಯ ತೋಟಗಳಿಗೆ ಬಂದು ಸೋಗೆಯ ಮಾದರಿ ತೆಗೆದುಕೊಂಡು ಹೋಗಿದ್ದಾರೆ. ಕೆಲವರಿಗೆ ಅವರ ಮುಖ ಪರಿಚಯ ಇರಬಹುದು. ರೋಗ ಹೇಗೆ ಹರಡುತ್ತದೆ, ಔಷಧಿ ಯಾವಾಗ ಹೊಡೆಯಬೇಕು, ಹೊಡೆದರೂ ಯಾಕೆ ಹಿಡಿಯಲಿಲ್ಲ, ಇದನ್ನು ಅವರ ಹತ್ತಿರ ಧಾರಾಳವಾಗಿ ಕೇಳಿ. ಪರಿಹಾರ, ಸಬ್ಸಿಡಿ, ಧಾರಣೆ ಇವು ಅವರ ಕೈಯಲ್ಲಿಲ್ಲ. ಆ ಪ್ರಶ್ನೆ ಇದ್ದವರು ಚೀಟಿಯಲ್ಲಿ ಬರೆದು ಬಾಗಿಲ ಹತ್ತಿರ ಇರುವ ಡಬ್ಬಿಗೆ ಹಾಕಿ, ಸಂಘದಿಂದ ಇಲಾಖೆಗೆ ಕಳಿಸುತ್ತೇವೆ.’

ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಇದರಲ್ಲಿ ಹೊಗಳಿಕೆಯ ಮಾತೊಂದೂ ಇಲ್ಲ. ಆದರೂ ‘ನಮ್ಮದೇ ಸೀಮೆಯ ತೋಟಗಳಿಗೆ ಬಂದು’ ಎಂಬಷ್ಟರಿಂದಲೇ ಮಾತಾಡುವವರ ಮೇಲೆ ನಂಬಿಕೆ ಹುಟ್ಟುತ್ತದೆ. ಡಬ್ಬಿಯ ವಿಷಯ ಮಾತ್ರ ಸುಮ್ಮನೆ ಹೇಳಿ ಬಿಡುವಂಥದ್ದಲ್ಲ. ಆ ಚೀಟಿಗಳು ನಿಜವಾಗಿ ಇಲಾಖೆಗೆ ಹೋಗದಿದ್ದರೆ ಮುಂದಿನ ಸಭೆಯಲ್ಲಿ ಯಾರೂ ಚೀಟಿ ಬರೆಯುವುದಿಲ್ಲ, ಮೈಕಿನಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

ಇನ್ನು ಪ್ರಶ್ನೆ ತೆಗೆದುಕೊಳ್ಳುವ ಕ್ರಮ. ಇಲ್ಲಿ ಬಹಳ ಮಂದಿ ‘ಪ್ರಶ್ನೆ ಚಿಕ್ಕದಾಗಿರಲಿ’ ಎಂದು ಹೇಳಿ ಮುಗಿಸುತ್ತಾರೆ. ಚಿಕ್ಕದು ಎಂದರೆ ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಅಳತೆ ಇಲ್ಲದ ನಿಯಮ ಇದ್ದೂ ಇಲ್ಲದ ಹಾಗೆ. ಲೋಕಸಭೆಯಲ್ಲೂ ಇದು ಗೊತ್ತಿದ್ದ ವಿಷಯವೇ. ಅಲ್ಲಿನ ಕಾರ್ಯವಿಧಾನ ನಿಯಮಗಳಲ್ಲಿ 41ನೆಯದು ಪ್ರಶ್ನೆ ಹೇಗಿರಬೇಕು ಎಂಬುದನ್ನೇ ಹೇಳುತ್ತದೆ: ಸಾಮಾನ್ಯವಾಗಿ 150 ಪದ ಮೀರಬಾರದು, ಅದರಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು. ಜನ ಆರಿಸಿ ಕಳಿಸಿದ, ಮಾತಾಡುವುದೇ ಕೆಲಸವಾದ ಮಂದಿಗೇ ಇಷ್ಟು ಬಿಡಿಸಿ ಹೇಳಬೇಕಾಯಿತೆಂದ ಮೇಲೆ, ವರ್ಷಕ್ಕೊಮ್ಮೆ ಮೈಕು ಹಿಡಿಯುವ ಬೆಳೆಗಾರನಿಗೆ ಹೇಳದೆ ಹೇಗೆ ತಿಳಿಯಬೇಕು?

ತೋಟದವರ ಸಭೆಯಲ್ಲಿ ಪ್ರಶ್ನೆ ಉದ್ದವಾಗುವುದಕ್ಕೆ ಕಾರಣವೂ ಉಂಟು. ಅದು ಯಾವಾಗಲೂ ಮಾತಿನ ಚಪಲವಲ್ಲ. ತೋಟ ಎಷ್ಟು ಎಕರೆ, ಗುಡ್ಡದ ಬುಡದಲ್ಲಿದೆಯೋ ಬಯಲಿನಲ್ಲೋ, ಪಕ್ಕದ ತೋಟದವರು ಔಷಧಿ ಹೊಡೆದಿದ್ದಾರೋ ಇಲ್ಲವೋ, ತಾನು ಎಷ್ಟು ಸಲ ಹೊಡೆದೆ, ಮಧ್ಯೆ ಮಳೆ ಬಂತೇ ಎಂಬುದನ್ನೆಲ್ಲ ಹೇಳದಿದ್ದರೆ ವೈದ್ಯರಿಗೆ ರೋಗ ತಿಳಿಯುವುದಿಲ್ಲ ಎಂಬ ನಂಬಿಕೆ ಕೇಳುವವನದು. ಅದು ತಪ್ಪೂ ಅಲ್ಲ. ಆದ್ದರಿಂದ ಕತೆ ಬೇಡ ಎನ್ನುವುದಕ್ಕಿಂತ ಯಾವ ವಿವರ ಬೇಕು ಎಂದು ಹೇಳಿಕೊಟ್ಟರೆ ಕೆಲಸ ಆಗುತ್ತದೆ. ಸಂವಾದ ನಡೆಸುವವರು ಮುಂದುವರಿಸುತ್ತಾರೆ:

‘ಈಗ ನಾಲ್ಕೂವರೆ. ಐದೂಕಾಲಕ್ಕೆ ಮುಗಿಸುತ್ತೇನೆ. ಅಷ್ಟರಲ್ಲಿ ಹನ್ನೆರಡು ಪ್ರಶ್ನೆ ಆಗಬಹುದು, ಹೆಚ್ಚಿಲ್ಲ. ಕೇಳಬೇಕೆನ್ನುವವರು ಕೂತಲ್ಲೇ ಕೈ ಎತ್ತಿ, ಮೈಕು ನಿಮ್ಮ ಹತ್ತಿರ ಬರುತ್ತದೆ. ಮೈಕು ಬರುವವರೆಗೆ ಶುರು ಮಾಡಬೇಡಿ, ಹಿಂದಿನವರಿಗೆ ಕೇಳಿಸುವುದಿಲ್ಲ. ನಿಮ್ಮ ಊರು ಹೇಳಿ. ಯಾವಾಗ ಚುಕ್ಕಿ ಕಂಡಿತು, ಏನು ಹೊಡೆದಿರಿ, ಎಷ್ಟು ಸಲ ಹೊಡೆದಿರಿ, ಇಷ್ಟು ಹೇಳಿ ಪ್ರಶ್ನೆಗೆ ಬನ್ನಿ. ಒಬ್ಬರಿಗೆ ಒಂದು ಪ್ರಶ್ನೆ. ಒಂದು ನಿಮಿಷ ದಾಟಿದರೆ ನಾನು ಕೈ ಎತ್ತುತ್ತೇನೆ. ಯಾರಿಗಾದರೂ ಅಷ್ಟೆ, ನಮ್ಮ ಅಧ್ಯಕ್ಷರಿಗೂ ಅಷ್ಟೆ, ಬೇಸರ ಮಾಡಿಕೊಳ್ಳಬಾರದು. ಮೈಕಿನಲ್ಲಿ ಮಾತಾಡಲು ಸಂಕೋಚ ಇರುವವರು ಚೀಟಿ ಬರೆದು ಕೊಡಿ, ನಾನು ಓದುತ್ತೇನೆ. ಮೊದಲ ಪ್ರಶ್ನೆ ಹಿಂದಿನ ಸಾಲಿನವರದು.’

‘ನಮ್ಮ ಅಧ್ಯಕ್ಷರಿಗೂ ಅಷ್ಟೆ’ ಎಂದಾಗ ಸಭೆ ನಗುತ್ತದೆ. ಅಧ್ಯಕ್ಷರ ಹತ್ತಿರ ಮೊದಲೇ ಒಂದು ಮಾತು ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದರೆ ಅವರೂ ನಗುತ್ತಾರೆ. ಆ ನಗು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮ ಊರುಗಳಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಎದ್ದು ನಿಂತು ಸಾವಿರದ ಒಂಬೈನೂರ ಎಪ್ಪತ್ತರ ಕೊಳೆರೋಗದಿಂದ ಮಾತು ಶುರು ಮಾಡಿದರೆ ಅವರನ್ನು ತಡೆಯಲು ಮೂವತ್ತೈದು ವರ್ಷದ ಕಾರ್ಯದರ್ಶಿಗೆ ನಾಲಿಗೆ ಏಳುವುದಿಲ್ಲ. ಮೊದಲೇ ಸಾರದಿದ್ದ ನಿಯಮವನ್ನು ಅಲ್ಲಿ ತಂದರೆ ಅದು ಅವರೊಬ್ಬರ ಮೇಲೆ ಹೊರಿಸಿದ ಹಾಗೆ. ಸಾರಿದ್ದರೆ ಸುಮ್ಮನೆ ಕೈ ಎತ್ತಿ, ‘ರಾಯರೇ, ಆಗ ಹೇಳಿದೆನಲ್ಲ, ಪ್ರಶ್ನೆ?’ ಎಂದರೆ ಸಾಕು. ಅಕ್ಕಪಕ್ಕದವರೇ ‘ಪ್ರಶ್ನೆ ಕೇಳಿ ಮಾರಾಯ್ರೆ’ ಎನ್ನುತ್ತಾರೆ. ತಡೆಯುವುದು ಒಬ್ಬರ ಧಿಮಾಕಿನ ಹಾಗೆ ಕಾಣದೆ ಇಡೀ ಸಭೆಯ ಒಪ್ಪಂದದ ಹಾಗೆ ಕಾಣುತ್ತದೆ. ಆದರೆ ಮೊದಲ ಸಲ ಮೀರಿದವರನ್ನೇ ಬಿಟ್ಟುಬಿಟ್ಟು ಐದನೆಯವರನ್ನು ತಡೆದರೆ ಜಗಳ ಖಂಡಿತ, ಅದರಲ್ಲೂ ಆ ಐದನೆಯವರು ಬೇರೆ ಪಾರ್ಟಿಯವರಾಗಿದ್ದರೆ.

ಮೊದಲ ಪ್ರಶ್ನೆ ಹಿಂದಿನ ಸಾಲಿನದು ಎಂದದ್ದೇಕೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಅಲಿಷಿಯಾ ಕಾರ್ಟರ್ ಮತ್ತು ಸಂಗಡಿಗರು 10 ದೇಶಗಳ 35 ಸಂಸ್ಥೆಗಳಲ್ಲಿ ನಡೆದ 247 ವಿಚಾರಗೋಷ್ಠಿಗಳಲ್ಲಿ ಯಾರು ಪ್ರಶ್ನೆ ಕೇಳುತ್ತಾರೆ ಎಂದು ಗಮನಿಸಿ 2018ರಲ್ಲಿ ಪ್ರಕಟಿಸಿದರು. ಸಭೆಯಲ್ಲಿ ಹೆಂಗಸರು ಗಂಡಸರು ಹೆಚ್ಚುಕಡಿಮೆ ಸಮನಾಗಿದ್ದಾಗಲೂ ಪ್ರಶ್ನೆ ಗಂಡಸರಿಂದ ಬರುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹತ್ತಿರದ್ದು. ಮೊದಲ ಪ್ರಶ್ನೆಯನ್ನು ಗಂಡಸು ಕೇಳಿದ ಸಭೆಗಳಲ್ಲಿ ಈ ಅಂತರ ಇನ್ನೂ ಹಿಗ್ಗಿತ್ತು. ಅವರು ಗಮನಿಸಿದ್ದು ವಿಶ್ವವಿದ್ಯಾಲಯದವರ ಸಭೆಗಳನ್ನು, ಮೊದಲ ಪ್ರಶ್ನೆಯೇ ಇದಕ್ಕೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಸಹಕಾರ ಸಂಘದ ಸಭಾಂಗಣಕ್ಕೆ ಅದನ್ನು ನೇರ ಹಚ್ಚುವುದಕ್ಕೂ ಬರುವುದಿಲ್ಲ. ಆದರೂ ಯಾರು ಮೊದಲು ಕೇಳುತ್ತಾರೋ ಅವರಂಥವರದೇ ಸಭೆ ಎಂದು ಉಳಿದವರು ಅಂದುಕೊಳ್ಳುತ್ತಾರೆ ಎಂಬುದು ನಮ್ಮ ಸಭೆಗಳನ್ನು ಕಂಡವರಿಗೆ ಹೊಸದೇನಲ್ಲ. ಮುಂದಿನ ಸಾಲಿನಲ್ಲಿ ನಿರ್ದೇಶಕರು, ನಿವೃತ್ತ ಮೇಷ್ಟ್ರು, ದೊಡ್ಡ ತೋಟದವರು. ಹಿಂದೆ ಗೋಡೆಗೆ ಒರಗಿ ನಿಂತವರು ಅರ್ಧ ಎಕರೆಯವರು. ಎಡಗಡೆಯ ಬೆಂಚಿನಲ್ಲಿ ಕೂತ ಹೆಂಗಸರಲ್ಲಿ ತೋಟಕ್ಕೆ ದಿನಾ ಹೋಗುವವರು, ಸೋಗೆ ಬಿದ್ದದ್ದನ್ನು ಮೊದಲು ನೋಡಿದವರು ಇದ್ದಾರೆ. ಮೊದಲ ಮೈಕು ಎಲ್ಲಿಗೆ ಹೋಗುತ್ತದೆ ಎಂದು ನಿರ್ಧರಿಸುವುದು ಸಂವಾದ ನಡೆಸುವವರ ಕೈಯಲ್ಲಿರುವ ಅತಿ ದೊಡ್ಡ ಅಧಿಕಾರ. ಅದನ್ನು ಮೊದಲೇ ಸಾರಿ ಮಾಡಿದರೆ ಮುಂದಿನವರಿಗೆ ಅವಮಾನವಾಗುವುದಿಲ್ಲ, ಹಿಂದಿನವರಿಗೆ ಸಿದ್ಧವಾಗಲು ಅರ್ಧ ನಿಮಿಷ ಸಿಗುತ್ತದೆ.

ಆ ಅರ್ಧ ನಿಮಿಷವನ್ನು ತಡೆದುಕೊಳ್ಳುವುದೇ ಕಷ್ಟ. ‘ಈಗ ಪ್ರಶ್ನೆ ಕೇಳಬಹುದು’ ಎಂದ ಮೇಲೆ ಯಾರೂ ಕೈ ಎತ್ತದಿದ್ದರೆ ಸಂವಾದ ನಡೆಸುವವರಿಗೆ ಗಾಬರಿ. ‘ಯಾರೂ ಇಲ್ಲವಾ? ಹಾಗಾದರೆ ನಾನೇ ಒಂದು ಕೇಳುತ್ತೇನೆ’ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಎಪ್ಪತ್ತರ ದಶಕದಲ್ಲಿ ಶಾಲೆಯ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಗುರುತಿಸಿದ್ದು ಇದನ್ನೇ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಕಾಯುವುದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಅದುವರೆಗೆ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ನೂರೈವತ್ತು ಜನರ ನಡುವೆ ಎದ್ದು ಮಾತಾಡಲು ಮನಸ್ಸು ಮಾಡಿಕೊಳ್ಳಬೇಕಾದ ದೊಡ್ಡವರಿಗೆ ಮೂರು ಸೆಕೆಂಡು ಸಾಲದು. ಹತ್ತು ಎಣಿಸಬೇಕು, ಮನಸ್ಸಿನಲ್ಲೇ, ಸಭೆಯ ಮೇಲೆ ಕಣ್ಣಾಡಿಸುತ್ತಾ. ಅಷ್ಟರಲ್ಲಿ ಒಂದು ಕೈ ಏಳುತ್ತದೆ. ಏಳದಿದ್ದರೆ ಆಗ ಚೀಟಿ ತೆಗೆಯಬಹುದು.

ಚೀಟಿಯ ಬಗ್ಗೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೂ ಇರಲಿ ಎನ್ನುತ್ತೇನೆ. ಸಂಕೋಚದವರಿಗೆ ಅದೊಂದೇ ದಾರಿ. ಅಕ್ಷರ ಸರಿಯಾಗಿ ಬಾರದವರಿಗೆ ಮಾತ್ರ ಅದೂ ಮುಚ್ಚಿದ ಬಾಗಿಲು, ಹಾಗಾಗಿ ಚೀಟಿಯೊಂದನ್ನೇ ನೆಚ್ಚುವ ಸಭೆ ರೈತರಿಗೆ ಹೊಂದುವುದಿಲ್ಲ. ಇನ್ನೂ ದೊಡ್ಡ ತೊಂದರೆ ಅನುಮಾನದ್ದು. ಸಂಘದ ಅಂಗಡಿಯಲ್ಲಿ ಮಾರುವ ಔಷಧಿಯ ಗುಣಮಟ್ಟದ ಮೇಲೆ ಯಾರಾದರೂ ಚೀಟಿ ಬರೆದಿದ್ದರೆ, ಸಂಘದವರೇ ಆರಿಸಿ ಓದುವಾಗ ಅದು ಅಡಿಗೆ ಹೋಯಿತು ಎಂದು ಬರೆದವರು ತಿಳಿಯುತ್ತಾರೆ. ನಿಜವಾಗಿ ಹೋಗಿರಲೂಬಹುದು. ಆದ್ದರಿಂದ ಆರಂಭದ ಮಾತಿನಲ್ಲೇ ಚೀಟಿ ಆರಿಸುವ ಕ್ರಮವನ್ನೂ ಹೇಳಬೇಕು: ಬಂದ ಸರದಿಯಲ್ಲೇ ಓದುತ್ತೇನೆ, ಒಂದೇ ವಿಷಯದ ಚೀಟಿಗಳು ನಾಲ್ಕಿದ್ದರೆ ಸೇರಿಸಿ ಓದುತ್ತೇನೆ, ನಾಲ್ಕಿದ್ದವು ಎಂದೂ ಹೇಳುತ್ತೇನೆ. ಹೀಗೆ ಹೇಳಿದ ಮೇಲೆ ಬೇಡದ ಚೀಟಿಯನ್ನು ಮುಚ್ಚಿಡುವುದು ಓದುವವರಿಗೇ ಕಷ್ಟವಾಗುತ್ತದೆ.

ಮೂರು ಮೂರು ಪ್ರಶ್ನೆ ಒಟ್ಟಿಗೆ ತೆಗೆದುಕೊಂಡು ಉತ್ತರಿಸಲು ಬಿಡುವ ರೂಢಿಯೊಂದು ದೊಡ್ಡ ಊರಿನ ಗೋಷ್ಠಿಗಳಿಂದ ಈಗ ಎಲ್ಲ ಕಡೆ ಬಂದಿದೆ. ಮೈಕಿನ ಓಡಾಟ ಉಳಿಯುತ್ತದೆ, ನಿಜ. ಆದರೆ ಮೂರರಲ್ಲಿ ಒಂದು ಕಠಿಣ ಪ್ರಶ್ನೆ ಇದ್ದರೆ ಉತ್ತರಿಸುವವರು ಉಳಿದೆರಡನ್ನು ಉದ್ದ ಮಾಡಿ ಅದನ್ನು ಬಿಟ್ಟುಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಇಲ್ಲ. ರಾಜಕಾರಣಿಗಳ ಸಂವಾದದಲ್ಲಿ ಇದನ್ನು ಗಮನಿಸಿ ನೋಡಿ. ಎಲೆಚುಕ್ಕಿಯಂಥ ವಿಷಯಕ್ಕೆ ಒಂದೊಂದಾಗಿ ತೆಗೆದುಕೊಳ್ಳುವುದೇ ಸರಿ, ಏಕೆಂದರೆ ಒಬ್ಬರಿಗೆ ಕೊಟ್ಟ ಉತ್ತರದಿಂದ ಮುಂದಿನ ಮೂವರ ಪ್ರಶ್ನೆ ತೀರಿಹೋಗುತ್ತದೆ. ‘ಸಿಂಪಡಣೆ ಮಾಡಿದ ಸ್ವಲ್ಪ ಹೊತ್ತಿಗೇ ಮಳೆ ಬಂದರೆ?’ ಎಂದು ಒಬ್ಬರು ಕೇಳಿ ಉತ್ತರ ಸಿಕ್ಕಿದ ಮೇಲೆ ಎತ್ತಿದ್ದ ಕೈಗಳಲ್ಲಿ ಕೆಲವು ತಾವಾಗಿಯೇ ಇಳಿಯುತ್ತವೆ.

ಆರಂಭದ ಮಾತು ಕೆಲಸ ಮಾಡಿತೋ ಇಲ್ಲವೋ ಎಂಬುದು ಮೂರನೆಯ ಪ್ರಶ್ನೆಯ ಹೊತ್ತಿಗೆ ತಿಳಿದುಬಿಡುತ್ತದೆ. ಕೇಳುವವರು ಹೇಳಿಸಿಕೊಳ್ಳದೆ ಊರಿನ ಹೆಸರಿಂದ ಶುರು ಮಾಡಿದರೆ, ‘ಎರಡು ಸಲ ಹೊಡೆದೆ’ ಎಂದು ತಾವಾಗಿಯೇ ಸೇರಿಸಿದರೆ, ಸಭೆಗೆ ಅದು ಮುಟ್ಟಿದೆ. ಸಬ್ಸಿಡಿಯ ಪ್ರಶ್ನೆಯೇ ಮತ್ತೆ ಮೈಕಿಗೆ ಬರುತ್ತಿದ್ದರೆ, ಹೇಳುವಾಗ ಜನ ಇನ್ನೂ ಚಹಾ ಲೋಟ ಹಿಡಿದು ಒಳಗೆ ಬರುತ್ತಿದ್ದರು ಎಂದು ಅರ್ಥ. ಆಗ ನಾಚಿಕೆಪಡದೆ ಅರ್ಧ ನಿಮಿಷದಲ್ಲಿ ಇನ್ನೊಮ್ಮೆ ಹೇಳಬೇಕು.

ಮೂರು ನಿಮಿಷದ ಈ ವ್ಯವಸ್ಥೆ ನಿಭಾಯಿಸಲಾರದ ಒಂದು ಸಂದರ್ಭ ನಮ್ಮಲ್ಲಿ ಆಗಾಗ ಬರುತ್ತದೆ. ಐದನೆಯ ಪ್ರಶ್ನೆ ನಡೆಯುತ್ತಿರುವಾಗ ಕೆಳಗೆ ಕಾರು ನಿಂತ ಸದ್ದು, ಮೆಟ್ಟಿಲ ಮೇಲೆ ಹತ್ತಾರು ಹೆಜ್ಜೆ: ಬೆಳಗ್ಗೆ ಬರಬೇಕಾಗಿದ್ದ ಶಾಸಕರು ಈಗ ಬಂದರು. ವಿಜ್ಞಾನಿಯ ಉತ್ತರ ಅರ್ಧಕ್ಕೆ ನಿಲ್ಲುತ್ತದೆ, ಕುರ್ಚಿ ಸರಿಯುತ್ತವೆ, ಹಾರ ಬರುತ್ತದೆ, ಅವರು ಹದಿನೈದು ನಿಮಿಷ ಮಾತಾಡಿ ಇನ್ನೊಂದು ಕಾರ್ಯಕ್ರಮಕ್ಕೆ ಹೊರಡುತ್ತಾರೆ. ಅವರನ್ನು ಯಾರೂ ತಡೆಯಲಾರರು, ತಡೆಯಲು ಹೋಗುವುದೂ ಬೇಡ. ಆದರೆ ಅವರು ಮೆಟ್ಟಿಲಿಳಿದ ಮೇಲೆ ಮೈಕು ನೇರ ವಂದನಾರ್ಪಣೆಗೆ ಹೋಗಬೇಕಿಲ್ಲ. ಗಡಿಯಾರ ನೋಡಿ ಲೆಕ್ಕವನ್ನು ಸಭೆಯ ಎದುರೇ ಹೊಸದಾಗಿ ಮಾಡಬಹುದು: ‘ಹನ್ನೆರಡು ಪ್ರಶ್ನೆ ಎಂದಿದ್ದೆ, ಐದನೆಯದರ ಉತ್ತರ ಅರ್ಧ ಆಗಿದೆ, ಅದನ್ನು ಮೇಡಂ ಮೊದಲು ಮುಗಿಸುತ್ತಾರೆ. ಆಮೇಲೆ ಇನ್ನು ಎರಡಕ್ಕೆ ಸಮಯವಿದೆ. ಆಗಲೇ ಕೈ ಎತ್ತಿದ್ದ ಆ ಹಿಂದಿನ ಅಕ್ಕ, ನೀವು ಶುರು ಮಾಡಿ.’